ಉಳಿಸಿದ ಮೇಲೆ ಫೋಟೋದ ಎಮೋಜಿ ಏಕೆ ಕದಲುವುದಿಲ್ಲ, ಮುಚ್ಚಿದ ಮುಖವನ್ನು ಎಲ್ಲಿಂದ ತರಬಹುದು?

ಪ್ರಶ್ನೆ: 2024ರ ಕಡಲೆಕಾಯಿ ಪರಿಷೆಯಲ್ಲಿ ಅಪ್ಪ ಮತ್ತು ನನ್ನ ಮಗಳು ಒಟ್ಟಿಗೆ ನಿಂತಿರುವ ಫೋಟೋ ತೆಗೆದಿದ್ದೆ. ಸ್ಟೇಟಸ್‌ಗೆ ಹಾಕುವ ಮುಂಚೆ ಮಗಳ ಮುಖ ಕಾಣದಿರಲಿ ಎಂದು ಫೋನಿನ ಎಡಿಟರ್‌ನಲ್ಲಿ ನಗುವ ಎಮೋಜಿ ಅಂಟಿಸಿ ಸೇವ್ ಮಾಡಿದೆ. ಅಪ್ಪ ಈಗಿಲ್ಲ. ಅದನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸೋಣವೆಂದರೆ ಎಮೋಜಿ ತೆಗೆಯಲು ಆಗುತ್ತಿಲ್ಲ. ಜಯನಗರದ ಸ್ಟುಡಿಯೋ ಒಂದರಲ್ಲೂ ಆಗುವುದಿಲ್ಲ ಎಂದರು. ಎಡಿಟ್ ಮಾಡುವಾಗ ಬೆರಳಲ್ಲಿ ಎಳೆದರೆ ಸರಿಯುತ್ತಿದ್ದ ಎಮೋಜಿ ಈಗೇಕೆ ಅಲುಗುವುದಿಲ್ಲ? ಎಮೋಜಿ ಇಲ್ಲದ ಪ್ರತಿಯೊಂದನ್ನು ಆ ಸಂಜೆಯೇ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿದ್ದೆ, ಆದರೆ ಅದು ಚಿಕ್ಕದು.

ಉತ್ತರ: ಸ್ಟುಡಿಯೋದವರು ಹೇಳಿದ್ದು ನೀವು ಅವರ ಕೈಗೆ ಕೊಟ್ಟ ಆ ಒಂದು ಫೈಲಿನ ಮಟ್ಟಿಗೆ ನಿಜ. ಅದರಿಂದ ನಿಮ್ಮ ಮಗಳ ಮುಖವನ್ನು ಯಾರೂ ಹೊರತೆಗೆಯಲಾರರು. ಆದರೆ ಗ್ರೂಪಿನಲ್ಲಿರುವ ಆ ಚಿಕ್ಕ ಪ್ರತಿಯನ್ನು ನೀವು ಕೈಬಿಡುವಂತಿಲ್ಲ. ಬೇರೆಲ್ಲ ದಾರಿಗಳೂ ಮುಚ್ಚಿದರೂ ಅದರ ನೆರವಿನಿಂದ ಗೋಡೆಗೆ ಹಾಕಬಹುದಾದ ಪ್ರಿಂಟ್ ಸಿದ್ಧವಾಗುತ್ತದೆ. ಮುಂದೆ ಓದುವ ಮೊದಲು ಆ ಪ್ರತಿಯನ್ನು ಫೋನಿಗೆ ಇಳಿಸಿಕೊಂಡು, ಇನ್ನೊಂದು ಕಡೆಯೂ ಒಂದು ನಕಲು ಇಟ್ಟುಬಿಡಿ.

ಎಡಿಟರ್ ತೆರೆದಿರುವಷ್ಟು ಹೊತ್ತು ನಿಮ್ಮ ಫೋಟೋ ಮತ್ತು ಎಮೋಜಿ ಎರಡೂ ಬೇರೆ ಬೇರೆ ವಸ್ತುಗಳಾಗಿರುತ್ತವೆ. ಕೆಳಗೆ ಫೋಟೋ ಇರುತ್ತದೆ. ಮೇಲೆ ಇಂಥ ಎಮೋಜಿ, ಇಂಥ ಜಾಗದಲ್ಲಿ, ಇಷ್ಟು ಗಾತ್ರದಲ್ಲಿ, ಇಷ್ಟು ಓರೆಯಾಗಿ ಇದೆ ಎಂಬ ಟಿಪ್ಪಣಿಯನ್ನು ಆ್ಯಪ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ನೀವು ಬೆರಳಲ್ಲಿ ಎಳೆದಾಗ ಬದಲಾಗುವುದು ಆ ಟಿಪ್ಪಣಿ ಮಾತ್ರ. ಕೆಳಗಿನ ಫೋಟೋ ಹಾಗೆಯೇ ಇರುವುದರಿಂದ, ಎಮೋಜಿ ಸರಿದ ಜಾಗದಲ್ಲಿ ಮುಖ ಮತ್ತೆ ಕಾಣುತ್ತದೆ. ಸೇವ್ ಒತ್ತಿದ ಕ್ಷಣದಲ್ಲಿ ಆ್ಯಪ್ ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿ, ಅದನ್ನು ಜೆಪೆಗ್ ಫೈಲಾಗಿ ಬರೆಯುತ್ತದೆ. ಜೆಪೆಗ್ ಚಿತ್ರಕ್ಕೆ ಇರುವುದು ಒಂದೇ ಪದರ. ಮೇಲೆ ಏನಿತ್ತು, ಕೆಳಗೆ ಏನಿತ್ತು ಎಂದು ಬೇರೆಬೇರೆಯಾಗಿ ಇಡಲು ಅದರಲ್ಲಿ ಜಾಗವಿಲ್ಲ. ಸ್ಟಿಕ್ಕರ್ ಎಂಬ ಹೆಸರೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡಿಗೆ ಅಂಟಿಸಿದ ಬಿಂದಿಯಂತೆ ಕಿತ್ತರೆ ಬರುತ್ತದೆ ಎಂದುಕೊಳ್ಳುತ್ತೇವೆ. ಆಗಿರುವುದು ಮನೆಯ ನೆಲದಲ್ಲಿ ಒಂದಿಷ್ಟು ಟೈಲ್ಸ್ ಕಿತ್ತೆಸೆದು, ಅದೇ ಜಾಗಕ್ಕೆ ಹಳದಿ ಟೈಲ್ಸ್ ಕೂಡಿಸಿದಂಥ ಕೆಲಸ. ಹಳದಿ ಟೈಲ್ಸ್ ಎಬ್ಬಿಸಿ ನೋಡಿದರೆ ಅಡಿಯಲ್ಲಿ ಹಳೆಯವು ಇರುವುದಿಲ್ಲ.

ಇದನ್ನು ಒಂದೇ ಒಂದು ಪಿಕ್ಸೆಲ್ ಹಿಡಿದು ನೋಡೋಣ. ಫೋಟೋದ ಪ್ರತಿಯೊಂದು ಪಿಕ್ಸೆಲ್ ಎಂದರೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಸಂಖ್ಯೆಗಳು. ಪ್ರತಿಯೊಂದೂ 0ಯಿಂದ 255ರ ಒಳಗೆ. ಮಗಳ ಕೆನ್ನೆಯ ಮೇಲಿನ ಒಂದು ಪಿಕ್ಸೆಲ್ 186, 132, 104 ಆಗಿತ್ತು ಎಂದಿಟ್ಟುಕೊಳ್ಳಿ. ಎಮೋಜಿಯ ಹಳದಿ 255, 204, 77. ಉಳಿಸಿದ ಫೈಲಿನಲ್ಲಿ ಆ ಜಾಗದಲ್ಲಿ ಇರುವುದು 255, 204, 77 ಮಾತ್ರ. ಕೆಳಗೆ ಕೆನ್ನೆಯ ಬದಲು ಕಪ್ಪು ಕೂದಲಿದ್ದರೂ, ಬಿಳಿ ಮಲ್ಲಿಗೆಯಿದ್ದರೂ ಅಲ್ಲಿ ಬರುತ್ತಿದ್ದದ್ದು ಇದೇ ಮೂರು ಸಂಖ್ಯೆ. ಒಂದು ಪಿಕ್ಸೆಲ್‌ಗೆ ಸಾಧ್ಯವಿರುವ ಬಣ್ಣಗಳು ಸುಮಾರು 1 ಕೋಟಿ 67 ಲಕ್ಷ. ಅವುಗಳಲ್ಲಿ ಯಾವುದು ಕೆಳಗಿದ್ದರೂ ಉತ್ತರ ಒಂದೇ ಆಗಿರುವಾಗ, ಉತ್ತರವನ್ನು ನೋಡಿ ಪ್ರಶ್ನೆಯನ್ನು ಊಹಿಸಲು ಯಾವ ಲೆಕ್ಕವೂ ನೆರವಾಗುವುದಿಲ್ಲ. ನಿಮ್ಮ ಫೋಟೋ 4000×3000 ಪಿಕ್ಸೆಲ್‌ನದು, ಎಮೋಜಿಯ ಅಡ್ಡಳತೆ 600 ಪಿಕ್ಸೆಲ್ ಎಂದು ಹಿಡಿದರೆ, ಹೀಗೆ ಹೋದ ಪಿಕ್ಸೆಲ್‌ಗಳು ಸುಮಾರು 2 ಲಕ್ಷ 80 ಸಾವಿರ. ಒಟ್ಟು 1 ಕೋಟಿ 20 ಲಕ್ಷದಲ್ಲಿ ಅದು ನೂರಕ್ಕೆ ಎರಡೂವರೆ ಪಾಲೂ ಅಲ್ಲ. ಉಳಿದ ಚಿತ್ರಕ್ಕೆ ಹೆಚ್ಚಿನ ಧಕ್ಕೆಯೇನೂ ಆಗಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮಗೆ ಉಪಯೋಗಕ್ಕೆ ಬರುತ್ತದೆ.

ಎಮೋಜಿಯ ಅಂಚನ್ನು ತುಂಬ ದೊಡ್ಡದು ಮಾಡಿ ನೋಡಿದರೆ, ಅಲ್ಲಿ ಹಳದಿಯೂ ಕೆಳಗಿನ ಬಣ್ಣವೂ ಬೆರೆತ ತೆಳುವಾದ ಒಂದು ಉಂಗುರ ಕಾಣುತ್ತದೆ. ಅಂಚು ಗರಗಸದ ಹಲ್ಲಿನಂತೆ ಕಾಣದಿರಲಿ ಎಂದು ಅಲ್ಲಿ ಎಮೋಜಿಯನ್ನು ಅರೆಪಾರದರ್ಶಕ ಮಾಡಿರುತ್ತಾರೆ. ಅಲ್ಲಿ ಬೆರೆಸುವ ಲೆಕ್ಕ ಹೀಗಿದೆ:

```
ಹೊಸದು = a × ಎಮೋಜಿ + (1 − a) × ಕೆಳಗಿನದು
```

ಇಲ್ಲಿ a ಎಂದರೆ ಎಮೋಜಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬ ಪ್ರಮಾಣ. a 0.3 ಇರುವ ಕಡೆ ಕೆಂಪಿನ ಸಂಖ್ಯೆ 207 ಆಗುತ್ತದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಕೆಳಗಿದ್ದ 186 ಸರಿಯಾಗಿಯೇ ಸಿಗುತ್ತದೆ. a 0.9 ಇರುವ ಕಡೆ ಅದು 248 ಆಗಿರುತ್ತದೆ, ಹಿಂದಕ್ಕೆ ಹೋದರೆ 185 ಬರುತ್ತದೆ. ಆದರೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟು ಉಳಿಸುವುದರಿಂದ ಸಂಖ್ಯೆಗಳು ಒಂದಿಷ್ಟು ಆಚೀಚೆ ಆಗುತ್ತವೆ. 248ರ ಬದಲು 251 ಉಳಿದಿತ್ತೆಂದರೆ ಅದೇ ಲೆಕ್ಕ 215 ಎಂದು ತೋರಿಸುತ್ತದೆ. ಮೂರರ ತಪ್ಪು ಮೂವತ್ತಾಯಿತು. ಎಮೋಜಿಯ ನಡುಭಾಗದಲ್ಲಿ a ಪೂರ್ತಿ 1. ಅಲ್ಲಿ ಹಿಂದಕ್ಕೆ ಹೋಗಬೇಕಾದರೆ ಸೊನ್ನೆಯಿಂದ ಭಾಗಿಸಬೇಕು. ಇದು ಕಷ್ಟದ ಲೆಕ್ಕವೆಂದು ಬಿಟ್ಟದ್ದಲ್ಲ, ಉತ್ತರವೇ ಇಲ್ಲದ ಲೆಕ್ಕ. ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಇರುವ ಅಂಗಡಿಯನ್ನು ಹುಡುಕಿಕೊಂಡು ನೀವು ಊರೆಲ್ಲ ಅಲೆಯಬಾರದೆಂದೇ ಇದನ್ನು ಇಷ್ಟು ಬಿಡಿಸಿ ಹೇಳಿದೆ.

ಬೇಡದ ವಸ್ತುಗಳನ್ನು ಅಳಿಸುವ ಸಾಧನ ಈಗ ಬಹಳ ಫೋನುಗಳಲ್ಲಿದೆ, ಅದರಿಂದ ಎಮೋಜಿಯನ್ನು ಉಜ್ಜಿದರೆ ಅದು ಮಾಯವಾಗುವುದೂ ಹೌದು. ಆ ಜಾಗವನ್ನು ಸುತ್ತಮುತ್ತಲಿನ ಬಣ್ಣಗಳಿಂದ ಊಹಿಸಿ ತುಂಬುವುದು ಆ ಸಾಧನದ ಕೆಲಸ. ಆಕಾಶದ ಮೇಲೆ, ಗೋಡೆಯ ಮೇಲೆ ಸ್ಟಿಕ್ಕರ್ ಇದ್ದಾಗ ಅದು ಸಾಕಾಗುತ್ತದೆ. ಮುಖದ ಮೇಲೆ ಇದ್ದಾಗ ಅಲ್ಲಿ ಬರುವುದು ನಿಮ್ಮ ಮಗಳ ಮುಖವಲ್ಲ. ತೀರಿಹೋದ ತಾತನ ಪಕ್ಕದಲ್ಲಿ ಇಲ್ಲದ ಮಗುವೊಂದನ್ನು ನಿಲ್ಲಿಸಿದ ಚಿತ್ರವನ್ನು ಮನೆಯಲ್ಲಿ ತೂಗುಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಮೊದಲು ನೋಡಬೇಕಾದದ್ದು, ಎಮೋಜಿ ಹಾಕುವಾಗ ನಿಮ್ಮ ಎಡಿಟರ್ ಹಳೆಯ ಫೈಲಿನ ಮೇಲೆಯೇ ಬರೆಯಿತೋ ಅಥವಾ ಹೊಸ ಪ್ರತಿಯನ್ನು ಮಾಡಿತೋ ಎಂಬುದು. ಹೊಸ ಪ್ರತಿ ಮಾಡಿದ್ದರೆ ಮೂಲ ಅಲ್ಲೇ ಎಲ್ಲೋ ಇದೆ, ನೀವು ನೋಡಿಲ್ಲ ಅಷ್ಟೇ. ಇಂಥದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊಸ ಪ್ರತಿ ಎಷ್ಟೋ ಬಾರಿ ಎಡಿಟರ್‌ನ ಹೆಸರಿನ ಬೇರೆ ಆಲ್ಬಮ್ಮಿಗೆ ಹೋಗುತ್ತದೆ, ಅಥವಾ ಎಡಿಟ್ ಮಾಡಿದ ದಿನದ ಸಾಲಿನಲ್ಲಿ ಕೂರುತ್ತದೆ. ಮೂಲ ಮಾತ್ರ ತೆಗೆದ ದಿನದಲ್ಲೇ ಉಳಿಯುತ್ತದೆ. ಆ ವರ್ಷದ ಪರಿಷೆಯ ಸೋಮವಾರ ನವೆಂಬರ್ 25. ಗ್ಯಾಲರಿಯಲ್ಲಿ ಆ ದಿನಕ್ಕೂ ಅದರ ಹಿಂದುಮುಂದಿನ ದಿನಗಳಿಗೂ ಹೋಗಿ ನೋಡಿ. ಪ್ರತಿ ಫೋಟೋದ ವಿವರದಲ್ಲಿ ಫೈಲಿನ ಹೆಸರನ್ನೂ ಅಳತೆಯನ್ನೂ ಓದಿ: 20241125_181406.jpg ಎಂಬಂತೆ ದಿನಾಂಕ ಮತ್ತು ಗಂಟೆ ಇರುವ ಹೆಸರು ಕ್ಯಾಮೆರಾದ್ದು, IMG-20241125-WA0012.jpg ಎಂಬಂತೆ ನಡುವೆ WA ಇರುವ ಹೆಸರು ವಾಟ್ಸ್‌ಆ್ಯಪ್‌ನಿಂದ ಬಂದದ್ದು.

ಫೈಲಿನ ಮೇಲೆಯೇ ಬರೆದಿದ್ದರೂ ಇನ್ನೊಂದು ಆಸೆಯಿದೆ. ಕೆಲವು ಗ್ಯಾಲರಿಗಳು ಮೇಲ್ನೋಟಕ್ಕೆ ಹಳೆಯ ಫೋಟೋವನ್ನು ಬದಲಾಯಿಸಿದಂತೆ ಕಂಡರೂ ಒಳಗೊಳಗೆ ಮೂಲವನ್ನು ಇಟ್ಟುಕೊಂಡಿರುತ್ತವೆ. ಐಫೋನಿನ ಫೋಟೋಸ್ ಆ್ಯಪ್ ಮೂಲವನ್ನು ಮುಟ್ಟುವುದೇ ಇಲ್ಲ. ಮೂಲ ಫೈಲಿನ ಜೊತೆಗೆ AAE ಎಂದು ಕೊನೆಗೊಳ್ಳುವ ಚಿಕ್ಕ ಫೈಲಿನಲ್ಲಿ ಮಾಡಿದ ಬದಲಾವಣೆಗಳನ್ನು ಬರೆದಿಡುತ್ತದೆ. ಅದರಲ್ಲಿ Edit ಒತ್ತಿದಾಗ Revert ಕಾಣುತ್ತದೆ, ಅದನ್ನು ಒತ್ತಿದರೆ ಎಮೋಜಿ ಹೋಗುತ್ತದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲೂ ಗೂಗಲ್ ಫೋಟೋಸ್‌ನಲ್ಲೂ ಅದೇ ಹೆಸರಿನ ಸೌಲಭ್ಯವಿದೆ. ಆದರೆ ಅದು ಕೆಲಸ ಮಾಡುವುದು ಆ ಆ್ಯಪ್‌ನಲ್ಲೇ ಎಡಿಟ್ ಮಾಡಿದ್ದರೆ, ಅದೇ ಫೋನ್ ಅಥವಾ ಅದೇ ಖಾತೆಯಲ್ಲಿ ಫೋಟೋ ಉಳಿದಿದ್ದರೆ ಮಾತ್ರ. ಬೇರೆ ಕಡೆಯಿಂದ ಇಳಿಸಿಕೊಂಡ ಎಡಿಟರ್ ಫೈಲಿನ ಮೇಲೆ ಬರೆದಿದ್ದರೆ ಗ್ಯಾಲರಿಗೆ ಹಳೆಯದರ ಸುಳಿವೂ ಇರುವುದಿಲ್ಲ. ನಿಮ್ಮ ಎಡಿಟರ್ ಯಾವ ಬಗೆಯದು ಎಂದು ತಿಳಿಯಲು ಐದು ನಿಮಿಷ ಸಾಕು. ಮನೆಯ ಗೋಡೆಯ ಫೋಟೋ ಒಂದನ್ನು ತೆಗೆದು, ಅದರ ಮೇಲೆ ಎಮೋಜಿ ಹಾಕಿ ಸೇವ್ ಮಾಡಿ, ಆ್ಯಪ್ ಪೂರ್ತಿ ಮುಚ್ಚಿ, ಮತ್ತೆ ತೆರೆದು Revert ಬರುತ್ತದೆಯೇ, ಗ್ಯಾಲರಿಯಲ್ಲಿ ಒಂದು ಫೋಟೋ ಇದೆಯೋ ಎರಡು ಇವೆಯೋ ನೋಡಿ.

ಫೋನಿನಲ್ಲಿ ಸಿಗದಿದ್ದರೆ ಬ್ಯಾಕಪ್ ನೋಡಬೇಕು. ಎಮೋಜಿ ಹಾಕುವ ಮೊದಲೇ ಫೋಟೋ ಗೂಗಲ್ ಫೋಟೋಸ್‌ಗೆ ಏರಿದ್ದರೆ, ಕಂಪ್ಯೂಟರಿನಲ್ಲಿ photos.google.com ತೆರೆದು ಅದೇ ದಿನಾಂಕಕ್ಕೆ ಹೋಗಿ ಹುಡುಕಿ. ಅಳಿಸಿದ ಫೋಟೋಗಳ ಬುಟ್ಟಿಯಲ್ಲಿ ಬ್ಯಾಕಪ್ ಆದವು 60 ದಿನ ಮಾತ್ರ ಇರುತ್ತವೆ, ಐಫೋನಿನಲ್ಲಿ 30 ದಿನ. ನಿಮ್ಮ ವಿಷಯದಲ್ಲಿ ಆ ಅವಧಿ ಮುಗಿದಿರಬಹುದು. ಅಳಿಸಿದ್ದನ್ನೆಲ್ಲ ಮರಳಿ ತರುತ್ತೇವೆ ಎನ್ನುವ ಆ್ಯಪ್‌ಗಳಿಗೆ ಹಣ ಕೊಡಬೇಡಿ. ಈಗಿನ ಫೋನುಗಳ ಸಂಗ್ರಹ ಗೂಢಲಿಪಿಯಲ್ಲಿರುವುದರಿಂದ ಅವುಗಳ ಕೈಗೆ ಹೆಚ್ಚಾಗಿ ಸಿಗುವುದು ಗ್ಯಾಲರಿ ಮಾಡಿಟ್ಟ ಚಿಕ್ಕ ಚಿತ್ರಗಳು, ಮತ್ತು ಅಷ್ಟಕ್ಕಾಗಿ ಅವು ನಿಮ್ಮ ಎಲ್ಲ ಫೋಟೋಗಳನ್ನೂ ನೋಡುವ ಅನುಮತಿ ಕೇಳುತ್ತವೆ.

ಈಗ ಗ್ರೂಪಿನ ಪ್ರತಿಗೆ ಬರೋಣ. ವಾಟ್ಸ್‌ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸುವಾಗ ಫೋಟೋದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ, ಅಂದರೆ ನಿಮ್ಮದು 1600×1200 ಆಗಿರುತ್ತದೆ. ಅದನ್ನೇ 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 89 ಪಿಕ್ಸೆಲ್ ಬೀಳುತ್ತದೆ, ಹತ್ತಿರದಿಂದ ನೋಡಿದವರಿಗೆ ಇಡೀ ಚಿತ್ರ ಮಂಕಾಗಿ ಕಾಣುತ್ತದೆ. ಎಮೋಜಿ ಇರುವ ಫೈಲಿನಲ್ಲಾದರೆ ಇಂಚಿಗೆ 222 ಪಿಕ್ಸೆಲ್ ಇವೆ, ಈ ಗಾತ್ರದ ಪ್ರಿಂಟಿಗೆ ಅದು ಧಾರಾಳ. ಒಂದರಲ್ಲಿ ಮುಖವಿದೆ, ಸ್ಪಷ್ಟತೆ ಇಲ್ಲ. ಇನ್ನೊಂದರಲ್ಲಿ ಸ್ಪಷ್ಟತೆ ಇದೆ, ಮುಖವಿಲ್ಲ. ಆದ್ದರಿಂದ ದೊಡ್ಡ ಫೈಲನ್ನು ಹಾಗೆಯೇ ಇಟ್ಟುಕೊಂಡು, ಎಮೋಜಿಯ ಜಾಗಕ್ಕೆ ಮಾತ್ರ ಚಿಕ್ಕ ಪ್ರತಿಯಿಂದ ಮುಖವನ್ನು ತಂದು ತೇಪೆ ಹಾಕಬೇಕು. ದೊಡ್ಡದರಲ್ಲಿ 600 ಪಿಕ್ಸೆಲ್ ಇರುವ ಆ ವೃತ್ತ ಚಿಕ್ಕದರಲ್ಲಿ 240 ಪಿಕ್ಸೆಲ್ ಇರುತ್ತದೆ, ಎರಡೂವರೆ ಪಟ್ಟು ಹಿಗ್ಗಿಸಿದರೆ ಸರಿಯಾಗಿ ಕೂರುತ್ತದೆ. ನಿಮ್ಮ ತಂದೆಯವರ ಮುಖ, ಅವರ ಅಂಗಿಯ ನೆರಿಗೆ, ಹಿಂದಿನ ಕಡಲೆಕಾಯಿ ರಾಶಿ ಎಲ್ಲವೂ ಮೂಲದ ಸ್ಪಷ್ಟತೆಯಲ್ಲೇ ಉಳಿಯುತ್ತವೆ. ಮಗುವಿನ ಮುಖ ಮಾತ್ರ ತುಸು ಮೆತ್ತಗಾಗಿರುತ್ತದೆ. ಆದರೆ ಅದು ಅವಳದೇ ಮುಖ, ಆ ಕ್ಷಣದ್ದೇ.

ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಬಹುದು. ಎಮೋಜಿ ಇರುವ ದೊಡ್ಡ ಫೈಲನ್ನು ತೆರೆದು, File ಪಟ್ಟಿಯ Open as Layers ಮೂಲಕ ಗ್ರೂಪಿನ ಪ್ರತಿಯನ್ನು ಅದರ ಮೇಲೆ ಇನ್ನೊಂದು ಪದರವಾಗಿ ತನ್ನಿ. Scale Layer ನಲ್ಲಿ ಆ ಪದರವನ್ನು 4000×3000ಕ್ಕೆ ಹಿಗ್ಗಿಸಿ. ನಂತರ ಅದರ Mode ಅನ್ನು Difference ಮಾಡಿದರೆ ಎರಡು ಪದರಗಳೂ ಒಂದೇ ಆಗಿರುವ ಕಡೆಯೆಲ್ಲ ಚಿತ್ರ ಕಪ್ಪಾಗುತ್ತದೆ. ಮಗುವಿನ ಕುತ್ತಿಗೆ, ಕಿವಿ, ಜಡೆಯ ಅಂಚುಗಳಲ್ಲಿ ಬೆಳ್ಳಗಿನ ಗೆರೆಗಳು ಕಂಡರೆ ಪದರ ಸರಿದಿದೆ ಎಂದರ್ಥ; Move ಸಾಧನ ಆರಿಸಿಕೊಂಡು ಬಾಣದ ಕೀಲಿಗಳಿಂದ ಒಂದೊಂದೇ ಪಿಕ್ಸೆಲ್ ಸರಿಸುತ್ತ, ಎಮೋಜಿಯ ವೃತ್ತವೊಂದು ಬಿಟ್ಟು ಉಳಿದದ್ದೆಲ್ಲ ಆದಷ್ಟು ಕಪ್ಪಾಗುವವರೆಗೆ ಹೊಂದಿಸಿ. ಎಷ್ಟು ಸರಿಸಿದರೂ ಗೆರೆಗಳು ಉಳಿದರೆ, ಯಾವುದೋ ಒಂದು ಪ್ರತಿ ಕತ್ತರಿಸಲ್ಪಟ್ಟಿದೆ. ಆಗ ಹಿಗ್ಗಿಸುವ ಪ್ರಮಾಣವನ್ನೇ ಬದಲಾಯಿಸಬೇಕು. ಹೊಂದಿಕೊಂಡ ಮೇಲೆ Mode ಅನ್ನು ಮತ್ತೆ Normal ಮಾಡಿ, ಆ ಪದರಕ್ಕೆ ಅದನ್ನು ಪೂರ್ತಿ ಮರೆಮಾಡುವ ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಅಂಚಿನ ಬಿಳಿ ಬ್ರಷ್‌ನಿಂದ ಎಮೋಜಿಯ ಜಾಗದ ಮೇಲೆ ಮಾತ್ರ ಬಳಿದು ಮುಖ ಕಾಣಿಸುವಂತೆ ಮಾಡಿ. ಎಮೋಜಿಯ ಅಂಚಿನಲ್ಲಿ ಹಳದಿ ಉಂಗುರ ಇರುತ್ತದೆಂದು ಮೊದಲೇ ಹೇಳಿದೆನಲ್ಲ, ಅದಕ್ಕಾಗಿ ಬ್ರಷ್ ಅಂಚಿನಿಂದ ಹತ್ತು ಹನ್ನೆರಡು ಪಿಕ್ಸೆಲ್ ಆಚೆಗೂ ಹೋಗಲಿ. ಜಿಂಪ್‌ನಲ್ಲಿ Save ಒತ್ತಿದರೆ ಪದರಗಳ ಸಮೇತ XCF ಫೈಲಾಗಿ ಉಳಿಯುತ್ತದೆ, ಜೆಪೆಗ್ ಬೇಕಾದರೆ Export ಮಾಡಬೇಕು. ಎರಡನ್ನೂ ಮಾಡಿಡಿ. ನಿಮಗೆ ಇದು ರೂಢಿಯಿಲ್ಲದಿದ್ದರೆ ಅದೇ ಸ್ಟುಡಿಯೋದವರಿಗೆ ಎರಡೂ ಫೈಲು ಕೊಟ್ಟು ಇಷ್ಟು ಹೇಳಿ. ಫೋಟೋಶಾಪ್ ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ.

ಅದೇ ಜಾಗದಲ್ಲಿ ಬೆನ್ನುಬೆನ್ನಿಗೆ ತೆಗೆದ ಇನ್ನೊಂದು ಫೋಟೋ ನಿಮ್ಮಲ್ಲಿದ್ದರೆ, ಪೂರ್ತಿ ಸ್ಪಷ್ಟತೆಯ ಮುಖ ಅಲ್ಲಿಂದಲೂ ಸಿಗುತ್ತದೆ. ಆದರೆ ತಲೆ ಸ್ವಲ್ಪ ತಿರುಗಿದ್ದರೂ ಬೆಳಕು ಮತ್ತು ಕುತ್ತಿಗೆಯ ಗೆರೆ ಹೊಂದುವುದಿಲ್ಲ. ಆ ಫೋಟೋದಲ್ಲಿ ಇಬ್ಬರೂ ಚೆನ್ನಾಗಿ ಬಂದಿದ್ದರೆ ತೇಪೆಯ ಗೊಡವೆಯೇ ಬೇಡ, ಅದನ್ನೇ ಪ್ರಿಂಟ್ ಹಾಕಿಸಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಮುಂದೆ ಎಮೋಜಿ ಹಾಕಬೇಕಾದಾಗ ಗ್ಯಾಲರಿಯ ಎಡಿಟರ್‌ಗೆ ಹೋಗಲೇಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಗ್ಯಾಲರಿಯಿಂದ ಫೋಟೋ ಆರಿಸಿದ ಮೇಲೆ, ಕಳಿಸುವ ಮುಂಚಿನ ಪರದೆಯಲ್ಲಿಯೇ ಸ್ಟಿಕ್ಕರ್ ಹಾಕಿ. ಅಲ್ಲಿ ಹಾಕಿದ್ದು ಕಳಿಸುವ ಪ್ರತಿಗೆ ಮಾತ್ರ ಸೇರುತ್ತದೆ, ಗ್ಯಾಲರಿಯ ಮೂಲಕ್ಕೆ ಏನೂ ಆಗುವುದಿಲ್ಲ. ವಾಟ್ಸ್‌ಆ್ಯಪ್‌ನ ಒಳಗಿನ ಕ್ಯಾಮೆರಾದಿಂದ ತೆಗೆದು ಅಲ್ಲೇ ಸ್ಟಿಕ್ಕರ್ ಹಾಕಿ ಕಳಿಸಿದರೆ ಮಾತ್ರ ಶುದ್ಧ ಪ್ರತಿ ಎಲ್ಲೂ ಉಳಿಯುವುದಿಲ್ಲ, ಆದ್ದರಿಂದ ಮೊದಲು ಫೋನಿನ ಕ್ಯಾಮೆರಾದಲ್ಲೇ ತೆಗೆಯಿರಿ. ಗ್ಯಾಲರಿಯಲ್ಲೇ ಎಡಿಟ್ ಮಾಡಬೇಕಾಗಿ ಬಂದರೆ Save copy ಅಥವಾ Save as copy ಎಂಬುದನ್ನೇ ಒತ್ತಿ. ಕೆಲವು ಫೋನುಗಳಲ್ಲಿ ಅದು ಮೂರು ಚುಕ್ಕಿಯ ಪಟ್ಟಿಯೊಳಗೆ ಇರುತ್ತದೆ. Revert ಇದೆಯಲ್ಲ ಎಂದು ಅದನ್ನೇ ನೆಚ್ಚಿಕೊಳ್ಳಬೇಡಿ, ಫೋನ್ ಬದಲಿಸಿ ಫೋಟೋಗಳನ್ನು ಸಾಗಿಸುವಾಗ ಅದು ಜೊತೆಗೆ ಬರುತ್ತದೆ ಎಂಬ ಖಾತರಿಯಿಲ್ಲ.

ಮಗಳ ಮುಖ ಮುಚ್ಚಿದ್ದು ಬೇರೆಯವರು ನೋಡದಿರಲಿ ಎಂದಾದ್ದರಿಂದ ಇನ್ನೊಂದು ಮಾತು ಸೇರಿಸಬೇಕು. ಗಟ್ಟಿ ಎಮೋಜಿ ಹಾಕಿ ಉಳಿಸಿದ ಜೆಪೆಗ್ ಆ ಉದ್ದೇಶಕ್ಕೆ ಒಳ್ಳೆಯದು, ಮೇಲಿನ ಲೆಕ್ಕವೇ ಅದಕ್ಕೆ ಕಾರಣ. ಅರೆಪಾರದರ್ಶಕ ಹೈಲೈಟರ್‌ನಿಂದ ಗೀಚಿದರೆ ಸಾಲದು; ಕಪ್ಪಾಗಿ ಕಂಡರೂ ಬೆಳಕು ಹೆಚ್ಚಿಸಿದಾಗ ಕೆಳಗಿನದು ಕಾಣಿಸಿಕೊಳ್ಳಬಹುದು. ಐಫೋನಿನಿಂದ ಏರ್‌ಡ್ರಾಪ್‌ನಲ್ಲಿ ಕಳಿಸುವಾಗ Options ಒಳಗಿನ All Photos Data ಆನ್ ಇದ್ದರೆ ಮೂಲವೂ ಎಡಿಟ್‌ನ ಇತಿಹಾಸವೂ ಜೊತೆಗೇ ಹೋಗುತ್ತವೆ, ಪಡೆದವರು Revert ಒತ್ತಿ ಮುಖ ನೋಡಬಹುದು. ಕ್ಯಾಮೆರಾ ಫೈಲಿನೊಳಗೆ ಇಡುವ 160×120 ಪಿಕ್ಸೆಲ್‌ನಷ್ಟು ಚಿಕ್ಕ ಮುನ್ನೋಟದ ಚಿತ್ರವನ್ನು ಹೊಸದಾಗಿ ಬರೆಯದೆ ಬಿಡುವ ಎಡಿಟರ್‌ಗಳೂ ಇದ್ದವು. ನಿಮ್ಮ ಫೈಲಿನಲ್ಲಿ ಅದು ಇದೆಯೇ ಎಂದು ಕಂಪ್ಯೂಟರಿನಲ್ಲಿ exiftool ಎಂಬ ಉಚಿತ ತಂತ್ರಾಂಶದಿಂದ ಹೀಗೆ ನೋಡಬಹುದು:

```
exiftool -b -ThumbnailImage 20241125_181406.jpg > thumb.jpg
```

ಹಳೆಯ ಮುನ್ನೋಟ ಸಿಕ್ಕರೂ ಅದರಲ್ಲಿ ಮುಖ ಸುಮಾರು 24 ಪಿಕ್ಸೆಲ್ ಅಗಲವಷ್ಟೇ ಇರುವುದರಿಂದ ಪ್ರಿಂಟಿಗೆ ಬಾರದು.

ಕೊನೆಗೆ ಸಿದ್ಧವಾದ ಫೈಲನ್ನು ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಅಲ್ಲಿ ಅದು ಮತ್ತೆ ಕುಗ್ಗುತ್ತದೆ. Document ಎಂದು ಆರಿಸಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯಿರಿ. ನಿಮ್ಮ ಫೋಟೋ 4:3ರ ಅಳತೆಯದು, 12×18ರ ಕಾಗದ 3:2ರದ್ದು. ಕಾಗದ ಪೂರ್ತಿ ತುಂಬಿಸಿದರೆ 12 ಇಂಚಿನ ಬದಿಯಲ್ಲಿ ಒಟ್ಟು ಒಂದೂವರೆ ಇಂಚು ಕತ್ತರಿಸಿಹೋಗುತ್ತದೆ. ಯಾರ ತಲೆಯೂ ಕಾಲೂ ಕತ್ತರಿಸದಂತೆ ಎಲ್ಲಿ ಕತ್ತರಿಸಬೇಕೆಂದು ಎದುರು ನಿಂತು ತೋರಿಸಿ, ಅಥವಾ ಎರಡು ಬದಿಯಲ್ಲಿ ಬಿಳಿ ಅಂಚು ಬಿಟ್ಟು ಹಾಕಲು ಹೇಳಿ.